ಒಂದೇ ಸೆನ್ಸರ್, ಐದು ಸಾಲು ದೀಪ

ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ನಡುಹಗಲಲ್ಲೂ ಎಲ್ಲ ದೀಪಗಳು ಪೂರ್ತಿ ಉರಿಯುತ್ತಿರುತ್ತವೆ. ಕೇಳಿದರೆ, 'ಸೆನ್ಸರ್ ಹಾಕಿದ್ದೇವಲ್ಲ' ಎನ್ನುತ್ತಾರೆ. ಹಾಕಿರುವುದು ನಿಜ. ಕೆಟ್ಟಿರುವುದು ಮಾತ್ರ ಸೆನ್ಸರ್ ಅಲ್ಲ, ಝೋನ್ ಹಂಚಿಕೆ.

ಪಶ್ಚಿಮಕ್ಕೆ ಗಾಜಿರುವ, 12 ಮೀಟರ್ ಆಳದ ಒಂದು ತೆರೆದ ಮಹಡಿಯನ್ನು ತೆಗೆದುಕೊಳ್ಳಿ. ಕಿಟಕಿಯ ಮೇಲಂಚು ನೆಲದಿಂದ 2.7 ಮೀಟರ್ ಎತ್ತರದಲ್ಲಿದೆ. ಗಾಜಿಗೆ ಸಮಾನಾಂತರವಾಗಿ ಐದು ಸಾಲು ದೀಪಗಳಿವೆ. ಮೊದಲನೆಯದು ಗಾಜಿನಿಂದ 1.2 ಮೀಟರ್ ಒಳಗೆ, ಉಳಿದವು 2.4 ಮೀಟರ್ ಅಂತರದಲ್ಲಿ. ಕಿಟಕಿ ಎಷ್ಟು ಎತ್ತರವೋ ಅಷ್ಟು ದೂರದವರೆಗೆ ಹಗಲಿನ ಬೆಳಕು ಚೆನ್ನಾಗಿ ಸಿಗುತ್ತದೆ, ಮತ್ತೆ ಅಷ್ಟೇ ದೂರ ಅರೆಬರೆ ಸಿಗುತ್ತದೆ ಎಂಬುದು ರೂಢಿಯ ಲೆಕ್ಕ. ಹಾಗಾಗಿ ಮೊದಲ ಸಾಲು ಒಂದು ಝೋನ್, ಎರಡನೆಯದು ಇನ್ನೊಂದು. ಉಳಿದ ಮೂರಕ್ಕೆ ಹಗಲಿನ ಲೆಕ್ಕವೇ ಬೇಡ. ಆದರೆ ವೈರಿಂಗಿನವರು ಕೇಬಲ್ ಉಳಿಸಲು ಗಾಜಿನಿಂದ ಗೋಡೆಯ ಕಡೆಗೆ ಅಡ್ಡಲಾಗಿ ಸರ್ಕ್ಯೂಟ್ ಎಳೆಯುತ್ತಾರೆ. ಆಗ ಸೆನ್ಸರನ್ನು ಕಿಟಕಿ ಬಳಿ ಇಟ್ಟರೆ ಒಳಗಿನ ಮೇಜುಗಳು ಕತ್ತಲಾಗುತ್ತವೆ, ಒಳಗಿಟ್ಟರೆ ಕಿಟಕಿ ಸಾಲು ಮಬ್ಬಾಗುವುದೇ ಇಲ್ಲ. ನಾಲ್ಕು ದೂರು ಬಂದ ಮೇಲೆ ಯಾರೋ ಸೆನ್ಸರಿಗೆ ಟೇಪ್ ಅಂಟಿಸುತ್ತಾರೆ.

ಸಂಜೆ ನಾಲ್ಕಕ್ಕೆ ಬಿಸಿಲು ಕಣ್ಣು ಕುಕ್ಕಿದಾಗ ಬ್ಲೈಂಡ್ ಇಳಿಯುತ್ತದೆ. ಹೊರಗೆ ನೋಡುವ ಸೆನ್ಸರಿಗೆ ಇದು ತಿಳಿಯದು. ಅದು ದೀಪವನ್ನು ಇನ್ನೂ ತಗ್ಗಿಸಿಯೇ ಇರುತ್ತದೆ. ಹೀಗಾಗಿ ಇಲ್ಲಿ ಮೇಜನ್ನು ನೋಡುವ ಸೆನ್ಸರೇ ಬೇಕು. ಅದನ್ನು ಹೊಂದಿಸುವುದು ಪೀಠೋಪಕರಣ ಬಂದ ಮೇಲೆ, ಒಮ್ಮೆ ರಾತ್ರಿ, ಒಮ್ಮೆ ಹಗಲು, ಲಕ್ಸ್ ಮೀಟರ್ ಮೇಜಿನ ಮೇಲಿಟ್ಟು. ಖಾಲಿ ಮಹಡಿಯಲ್ಲಿ ಮಾಡಿದ ಹೊಂದಾಣಿಕೆ ಕಾರ್ಪೆಟ್ಟಿನ ಬಣ್ಣವನ್ನಷ್ಟೇ ಅಳೆದಂತೆ.

ಇನ್ನು ಡಿಮ್ಮಿಂಗ್ ಪದ್ಧತಿ. 0-10 ವೋಲ್ಟ್ ಸರಳ, ಅಗ್ಗ. ಎರಡು ತೆಳು ತಂತಿ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಝೋನ್. ಹೆಚ್ಚಿನ ಡ್ರೈವರ್‌ಗಳಲ್ಲಿ ಸೊನ್ನೆ ವೋಲ್ಟ್ ಎಂದರೆ ಕನಿಷ್ಠ ಬೆಳಕೇ ಹೊರತು ಆಫ್ ಅಲ್ಲ. ಪೂರ್ತಿ ಆರಿಸಲು ಬೇರೆ ರಿಲೇ ಬೇಕು. ಡಾಲಿಯಲ್ಲಿ ಒಂದು ಲೈನಿಗೆ 64 ವಿಳಾಸ, 16 ಗುಂಪು. ತಂಡ ಜಾಗ ಬದಲಿಸಿದರೆ ಫಾಲ್ಸ್ ಸೀಲಿಂಗ್ ಬಿಚ್ಚದೆ ಸಾಫ್ಟ್‌ವೇರಿನಲ್ಲೇ ಝೋನ್ ಬದಲಿಸಬಹುದು. ಆದರೆ ಕೆಟ್ಟ ಡ್ರೈವರ್ ತೆಗೆದು ಹೊಸದು ಹಾಕಿದರೆ ಅದಕ್ಕೆ ವಿಳಾಸವೂ ಇಲ್ಲ, ಗುಂಪೂ ಇಲ್ಲ. ಮಬ್ಬಾದ ಸಾಲಿನಲ್ಲಿ ಒಂದೇ ದೀಪ ಝಗಮಗಿಸುತ್ತಿದ್ದರೆ ಕಾರಣ ಬಹುಪಾಲು ಇದೇ.

ಕಿಟಕಿ ಸಾಲಷ್ಟೇ ತಗ್ಗಬೇಕು, ಮೇಜುಗಳು ಅಲುಗಾಡುವುದಿಲ್ಲ ಎಂದಾದರೆ 0-10 ಸಾಕು. ಡಾಲಿಗೆ ಸುರಿಯುವ ಹಣ ದಂಡ. ವರ್ಷಕ್ಕೊಮ್ಮೆ ಕ್ಯಾಬಿನ್ ಎದ್ದು ಬೀಳುವ ಮಹಡಿಗೆ ಡಾಲಿಯೇ ಸರಿ. ಆದರೆ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿಸುವ ಮುನ್ನ ವಿಳಾಸ ಮತ್ತು ಗುಂಪುಗಳ ಪಟ್ಟಿಯನ್ನು ಕೇಳಿ ಪಡೆಯಿರಿ, ವಿಳಾಸ ಕೊಡುವುದನ್ನು ನಿಮ್ಮ ಎಲೆಕ್ಟ್ರಿಷಿಯನ್‌ಗೆ ಕಲಿಸಿಕೊಡಲು ಹೇಳಿ.