ಕಾರ್ನರ್ ಆಟದ್ದು, ಕಾರ್ಡ್ ರೆಫರಿಯದು

2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದನ್ನು ರಾಜಾಜಿನಗರ, ವಿಜಯನಗರದ ಫುಟ್‌ಬಾಲ್ ಮಂದಿ ಈಗಲೂ ವಾದಕ್ಕೆ ಎಳೆಯುತ್ತಾರೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್ ಪಂದ್ಯ 90 ನಿಮಿಷ ಗೋಲಿಲ್ಲದೆ ಮುಗಿದಿತ್ತು. ಹೆಚ್ಚುವರಿ ಸಮಯದಲ್ಲಿ, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಎತ್ತಿಹಿಡಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು.

ಕಾರ್ನರ್ ಮತ್ತು ಕಾರ್ಡ್‌ಗಳ ಒಟ್ಟು ಸಂಖ್ಯೆಯ ಮೇಲೆ ನಡೆಯುವ ಬಾಜಿಗೆ ಮಾತ್ರ ಈ ಗಲಾಟೆಯೆಲ್ಲ ಲೆಕ್ಕಕ್ಕೇ ಇಲ್ಲ. ಆ ಲೆಕ್ಕ ಸಾಮಾನ್ಯವಾಗಿ 90 ನಿಮಿಷ ಮತ್ತು ಇಂಜುರಿ ಟೈಮಿಗೆ ಮುಗಿದುಹೋಗುತ್ತದೆ. ನಮ್ಮೂರಿನ ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಚರ್ಚೆಯಾದ ರೆಫರಿ ತೀರ್ಪು ಅದರೊಳಗೆ ಬರಲೇ ಇಲ್ಲ. ಹಾಗಾದರೆ ಈ ಅಂಕಿಗಳು ಅಳೆಯುವುದಾದರೂ ಏನನ್ನು?

ಕಾರ್ನರ್ ಹುಟ್ಟುವುದು ಆಟದ ಒಳಗಿನಿಂದ. ವಿಂಗ್‌ನಿಂದ ಕ್ರಾಸ್ ಹಾಕುವ ತಂಡ, ಬಾಕ್ಸಿನಲ್ಲಿ ಗುಂಪುಗೂಡಿ ಹೊಡೆತಕ್ಕೆ ಮೈಯೊಡ್ಡುವ ಎದುರಾಳಿ, ಚೆಂಡನ್ನು ಹಿಡಿಯದೆ ಹೊರಗೆ ತಳ್ಳುವ ಕೀಪರ್ ಸೇರಿದರೆ ಕಾರ್ನರ್ ಮೇಲೆ ಕಾರ್ನರ್. ಸ್ಕೋರ್ ಕೂಡ ದೊಡ್ಡ ಕಾರಣ. ಒಂದು ಗೋಲು ಹಿಂದಿರುವ ತಂಡ ಕೊನೆಯ 20 ನಿಮಿಷ ಮುನ್ನುಗ್ಗುತ್ತದೆ. ಮುಂದಿರುವ ತಂಡ ಸಿಕ್ಕ ಚೆಂಡನ್ನು ಗೆರೆಯಾಚೆ ಒದೆಯುತ್ತದೆ. ಬಲಿಷ್ಠ ತಂಡ ಬೇಗನೆ ಮೂರು ಗೋಲು ಹೊಡೆದುಬಿಟ್ಟರೆ ಒತ್ತಡವೇ ಇಳಿದು ಕಾರ್ನರ್ ಕಡಿಮೆಯಾಗಬಹುದು. ಹಾಗಾಗಿ ಬಲಿಷ್ಠ ತಂಡ ಆಡುತ್ತಿದೆ ಎಂದಮಾತ್ರಕ್ಕೆ ಕಾರ್ನರ್ ಹೆಚ್ಚು ಎನ್ನುವುದು ಅರೆಬೆಂದ ತರ್ಕ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಿಸುಮಾರು 10 ಕಾರ್ನರ್ ಬರುತ್ತವೆ. ಸರಾಸರಿ 10 ಇದ್ದಾಗ 7 ಬಂದರೂ 13 ಬಂದರೂ ಅಚ್ಚರಿಪಡುವಂಥದ್ದೇನಿಲ್ಲ. ಅಷ್ಟು ಏರುಪೇರಿನ ನಡುವೆ ರೆಫರಿ ಯಾರು ಎಂಬುದು ಹೆಚ್ಚೇನೂ ಬದಲಿಸುವುದಿಲ್ಲ.

ಕಾರ್ಡಿನ ಕಥೆ ಬೇರೆ. ಚೆಂಡು ಗೆರೆ ದಾಟಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಆದರೆ ಫೌಲು ಎಚ್ಚರಿಕೆಗೆ ಸಾಕೋ, ಹಳದಿಗೆ ತಕ್ಕದ್ದೋ ಎಂಬುದು ಒಬ್ಬ ಮನುಷ್ಯನ ತೀರ್ಮಾನ. ಮಾತಿನಲ್ಲೇ ಪಂದ್ಯ ಹಿಡಿತಕ್ಕೆ ತರುವ ರೆಫರಿಗಳಿದ್ದಾರೆ, ಮೊದಲ ವಾಗ್ವಾದಕ್ಕೇ ಜೇಬಿಗೆ ಕೈಹಾಕುವವರೂ ಇದ್ದಾರೆ. ಇಬ್ಬರು ರೆಫರಿಗಳನ್ನು ಊಹಿಸಿಕೊಳ್ಳೋಣ. ಒಬ್ಬರ ಸರಾಸರಿ ಪಂದ್ಯಕ್ಕೆ 3 ಕಾರ್ಡ್, ಇನ್ನೊಬ್ಬರದು 5. ಸಂಭವನೀಯತೆಯ ಸರಳ ಪ್ವಾಸಾನ್ ಲೆಕ್ಕದಲ್ಲಿ, ಐದು ಅಥವಾ ಹೆಚ್ಚು ಕಾರ್ಡ್ ಬರುವ ಸಾಧ್ಯತೆ ಮೊದಲಿನವರ ಕೈಯಲ್ಲಿ ಸುಮಾರು ಶೇ. 18, ಎರಡನೆಯವರ ಕೈಯಲ್ಲಿ ಶೇ. 56. ತಂಡಗಳು ಅವೇ, ಮೈದಾನ ಅದೇ; ಬದಲಾದದ್ದು ನೇಮಕದ ಪಟ್ಟಿಯ ಒಂದು ಹೆಸರು. ಆ ಪಟ್ಟಿ ಹೊರಬಿದ್ದೊಡನೆ ಕಾರ್ಡಿನ ದರ ಅಲುಗುವುದು ಇದಕ್ಕೇ.

2022ರ ಡಿಸೆಂಬರ್ 9ರಂದು ಕತಾರ್‌ನಲ್ಲಿ ನೆದರ್ಲೆಂಡ್ಸ್–ಅರ್ಜೆಂಟೀನಾ ಕ್ವಾರ್ಟರ್‌ಫೈನಲ್‌ಗೆ ನೇಮಕವಾದವರು ಸ್ಪೇನಿನ ಮತೇವು ಲಾಹೋಸ್. ತಮ್ಮ ದೇಶದ ಲೀಗ್‌ನಲ್ಲಿ ಕಾರ್ಡಿಗೆ ಹೆಸರಾದವರು. ಅಂದು ವಿಶ್ವಕಪ್ ದಾಖಲೆಯಷ್ಟು ಹಳದಿ ಕಾರ್ಡ್ ಹೊರಬಂದವು. ಆದರೆ ಅವುಗಳಲ್ಲಿ ಕೆಲವು ಬೆಂಚಿನಲ್ಲಿ ಕೂತವರಿಗೆ, ಕೆಲವು 90 ನಿಮಿಷ ಕಳೆದ ಮೇಲೆ ಬಂದವು; ಬುಕ್ಕಿಗಳ ನಿಯಮದಲ್ಲಿ ಇಂಥವು ಬಹುಮಟ್ಟಿಗೆ ಲೆಕ್ಕಕ್ಕಿಲ್ಲ. ಟಿವಿಯಲ್ಲಿ ಕಂಡ ಸಂಖ್ಯೆ ಒಂದು, ಇತ್ಯರ್ಥವಾಗುವ ಸಂಖ್ಯೆ ಇನ್ನೊಂದು.

ರೆಫರಿಯ ಸರಾಸರಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಜಿದ್ದಿನ ಪಂದ್ಯಗಳನ್ನು ಅನುಭವಿಗಳಿಗೇ ಕೊಡುವುದು ರೂಢಿ. ಅವರ ಕಾರ್ಡ್ ಹೆಚ್ಚಿರುವುದು ಸ್ವಭಾವದಿಂದಲ್ಲ, ಪಾಲಿಗೆ ಬಂದ ಪಂದ್ಯಗಳಿಂದ ಇರಬಹುದು. ಹತ್ತೇ ಪಂದ್ಯಗಳಲ್ಲಿ ಲೀಗಿನ ಸರಾಸರಿಗಿಂತ ಪಂದ್ಯಕ್ಕೆ ಒಂದು ಕಾರ್ಡ್ ಹೆಚ್ಚು ತೋರಿಸಿದ್ದರೆ ಅದರಲ್ಲಿ ಗಣನೀಯ ಪಾಲು ಬರೀ ಆಕಸ್ಮಿಕ. ಪ್ರೇಕ್ಷಕರ ಗದ್ದಲವೂ ಕೆಲಸ ಮಾಡುತ್ತದೆ: ಕೋವಿಡ್ ಕಾಲದ ಖಾಲಿ ಕ್ರೀಡಾಂಗಣಗಳಲ್ಲಿ ಹೊರಗಿನ ತಂಡಕ್ಕೆ ಬೀಳುವ ಹಳದಿ ಕಾರ್ಡ್ ಕಡಿಮೆಯಾದದ್ದನ್ನು ಯುರೋಪಿನ ಹಲವು ಅಧ್ಯಯನಗಳು ತೋರಿಸಿವೆ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಕೂಗೆಬ್ಬಿಸಿದಾಗ ರೆಫರಿಯ ಕಿವಿ ಮುಚ್ಚಿರುವುದಿಲ್ಲ.

ಆಟ ಓದುವ ಸಾಧನವಾಗಿ ಕಾರ್ನರ್ ಸಂಖ್ಯೆಗೆ ಬೆಲೆಯಿದೆ. ಒತ್ತಡ ಯಾವ ಕಡೆಗಿತ್ತು ಎಂಬುದರ ಸುಳಿವು ಕೊಡುತ್ತದೆ. ಕಾರ್ಡಿನ ಸಂಖ್ಯೆಗೆ ರೆಫರಿಯ ಹೆಸರು ಪಕ್ಕದಲ್ಲಿಲ್ಲದೆ ಅರ್ಥವಿಲ್ಲ. ಬಾಜಿಯಾಗಿ ಅದರ ದೌರ್ಬಲ್ಯವೂ ಇಲ್ಲೇ ಇದೆ. ಪಂದ್ಯದ ಫಲಿತಾಂಶ ತಿರುಚಲು ಸಾಮಾನ್ಯವಾಗಿ ಹಲವರು ಬೇಕು, ಒಂದು ಹಳದಿ ಕಾರ್ಡಿಗೆ ಒಬ್ಬರು ಸಾಕು. 2025ರ ಅಕ್ಟೋಬರ್‌ನಲ್ಲಿ ಟರ್ಕಿಯ ಫುಟ್‌ಬಾಲ್ ಒಕ್ಕೂಟ, ತನ್ನ 571 ರೆಫರಿಗಳಲ್ಲಿ 371 ಮಂದಿಗೆ ಬೆಟ್ಟಿಂಗ್ ಖಾತೆ ಇದೆಯೆಂದು ತಾನೇ ಹೇಳಿತು. ಖಾತೆ ಇದ್ದವರೆಲ್ಲ ಪಂದ್ಯ ಮಾರಿದರೆಂದಲ್ಲ. ಆದರೆ ಒಬ್ಬರ ತೀರ್ಮಾನಕ್ಕೆ ದರ ಕಟ್ಟುವ ವ್ಯವಹಾರದಲ್ಲಿ ಆ ಅನುಮಾನವೇ ಸಾಕು. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನೇ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಕಾರ್ಡಿನ ಬಾಜಿ ಕೆಟ್ಟ ಸರಕೇ: ಆಟ ಬಲ್ಲವರ ಜ್ಞಾನಕ್ಕಿಂತ ನೇಮಕದ ಪಟ್ಟಿ ಮೊದಲು ಕಂಡವರ ವೇಗಕ್ಕೆ ಅದು ಹೆಚ್ಚು ಬೆಲೆ ಕೊಡುತ್ತದೆ.