ಮುದ್ದೆಮಾಲು ಹೊಟ್ಟೆ ಸೇರಿದ ಮೇಲೆ

ದೇವನೂರ ಮಹಾದೇವ ಅವರ ‘ಒಡಲಾಳ’ ಹಸಿವಿನ ಕಥೆ ಅಂತ ಹೇಳಿ ಹೇಳಿ ಆ ಮಾತೇ ಸವೆದುಹೋಗಿದೆ. ಹಸಿವಿನ ಕಥೆ ಹೌದು. ಆದರೆ ಈ ನೀಳ್ಗತೆಯೊಳಗೆ ಇನ್ನೊಂದು ಕಥೆ ಕೂತಿದೆ: ಒಂದು ಪೊಲೀಸ್ ತಂಡ ಹಾಕಿದ ಲೆಕ್ಕ ಬುಡಸಮೇತ ಉಲ್ಟಾ ಆದ ಕಥೆ. ನಾವು ಇಲ್ಲಿ ಅದನ್ನಷ್ಟೇ ಬಿಡಿಸಿ ನೋಡುತ್ತೇವೆ.

ಬೆಳಗಾವಿ, ಖಾನಾಪುರದ ಕಡೆಯ ಓದುಗರಿಗೆ ಮೊದಲ ತೊಡಕು ಭಾಷೆಯದು. ಕಥೆಯ ಮಾತು ಮೈಸೂರು ಸೀಮೆಯದು. ಅಲ್ಲಿ ಕಡ್ಲೆಕಾಯಿ, ನಮ್ಮಲ್ಲಿ ಶೇಂಗಾ. ಅಲ್ಲಿ ಸಬ್ ಇನ್ಸ್‌ಪೆಕ್ಟರು, ನಮ್ಮಲ್ಲಿ ಫೌಜದಾರ. ಮನೆಯಲ್ಲಿ ಮರಾಠಿ ಆಡುವ ಖಾನಾಪುರದ ಹುಡುಗರಿಗೆ ಇದನ್ನು ಕಲಿಸೋ ಮಾಸ್ತರರು ಮೊದಲು ಗಟ್ಟಿಯಾಗಿ ಓದಿ ಹೇಳಲಿ. ಕಣ್ಣಿಗೆ ಅಡ್ಡ ಬರೋ ಮಾತು ಕಿವಿಗೆ ಸಲೀಸಾಗಿ ಇಳಿಯುತ್ತದೆ.

ನಡೆದದ್ದು ಇಷ್ಟು. ಸಾಕವ್ವನ ಹುಂಜ ಕಳೆದಿದೆ. ಆಕೆ ಅದನ್ನು ಹುಡುಕುತ್ತ ತಿರುಗುತ್ತಾಳೆ. ರಾತ್ರಿ ಮಗ ಸಾಹುಕಾರ ಎತ್ತಪ್ಪನ ಕಡ್ಲೆಕಾಯಿ ಮೂಟೆಯೊಂದನ್ನು ಕದ್ದು ಮನೆಗೆ ತರುತ್ತಾನೆ. ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಆಮೇಲೆ ಪೊಲೀಸರು ಬಂದು ಜಾಲಾಡುತ್ತಾರೆ. ಸಿಗೋದು ಏನೂ ಇಲ್ಲ.

ಪೊಲೀಸರ ಯೋಜನೆಯಲ್ಲಿ ತಪ್ಪೇನಿತ್ತು? ಮೇಲ್ನೋಟಕ್ಕೆ ಏನೂ ಇಲ್ಲ. ಕಳುವಿನ ಕೇಸಿಗೆ ಬೇಕಾದ್ದು ಮುದ್ದೆಮಾಲು. 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನ ಮೊದಲ ಉದಾಹರಣೆಯೇ ಇದು: ಕಳುವಾದ ಸ್ವಲ್ಪ ಹೊತ್ತಿನಲ್ಲೇ ಮಾಲು ಯಾರ ಕೈಯಲ್ಲಿ ಸಿಕ್ಕಿತೋ, ಅದು ಹೇಗೆ ಬಂತೆಂದು ಅವನು ಹೇಳಲಾರದಿದ್ದರೆ, ಕದ್ದವನು ಅವನೇ ಅಥವಾ ಕಳುವಿನದೆಂದು ಗೊತ್ತಿದ್ದೂ ಇಟ್ಟುಕೊಂಡವನು ಎಂದು ಕೋರ್ಟು ಊಹಿಸಬಹುದು. (2024ರ ಜುಲೈಯಿಂದ ಆ ಕಾಯ್ದೆ ಹೋಗಿ ಹೊಸದು ಬಂದಿದೆ, ಊಹೆ ಹಾಗೇ ಉಳಿದಿದೆ.) ಮನೆ ಶೋಧಿಸುವಾಗ ಆ ಜಾಗದ ಇಬ್ಬರು ‘ಗೌರವಸ್ಥ’ ಪಂಚರು ಇರಬೇಕು, ಸಿಕ್ಕಿದ್ದರ ಪಟ್ಟಿಗೆ ಅವರು ಸಹಿ ಹಾಕಬೇಕು. ಕೇರಿಯಲ್ಲಿ ಗೌರವಸ್ಥರು ಯಾರು ಅಂತ ತೀರ್ಮಾನ ಮಾಡೋರು ಯಾರು, ಅದು ಬೇರೆ ಮಾತು.

ಈ ಇಡೀ ಕಟ್ಟಡ ನಿಂತಿರೋದು ಒಂದೇ ನಂಬಿಕೆಯ ಮೇಲೆ: ಕದ್ದ ಮಾಲು ಮಾಲಾಗಿಯೇ ಉಳಿದಿರುತ್ತದೆ. ಬಚ್ಚಿಟ್ಟಿರುತ್ತಾರೆ, ಇಲ್ಲ ಮಾರಿರುತ್ತಾರೆ. ಇದು ಉಗ್ರಾಣ ಇದ್ದವರ ನಂಬಿಕೆ. ಎತ್ತಪ್ಪನ ಮನೆಯಲ್ಲಿ ಕಡ್ಲೆಕಾಯಿ ಅಂದರೆ ಮೂಟೆ, ತೂಕ, ರೇಟು. ಸಾಕವ್ವನ ಮನೆಯಲ್ಲಿ ಅದು ಇವತ್ತಿನ ಊಟ. ಊಟವನ್ನು ಯಾರೂ ಬಚ್ಚಿಡೋದಿಲ್ಲ. ಪೊಲೀಸರು ಸರಿಯಾದ ಮನೆಗೇ ಬಂದಿದ್ದರು, ಆ ಮನೆಯವರು ಹೇಗೆ ಬದುಕುತ್ತಾರೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಲೆಕ್ಕದ ಮಾಸ್ತರರೊಬ್ಬರು ಇಲ್ಲಿ ತಕರಾರು ತೆಗೆಯಬಹುದು: ‘ಸಿಪ್ಪಿ ಸಮೇತ ಒಂದ ಚೀಲ ಶೇಂಗಾ ಅಂದ್ರ 35-40 ಕಿಲೋ ಆಕ್ಕತ್ರಿ. ಸಿಪ್ಪಿ ತೆಗದ್ರೂ 25 ಕಿಲೋ ಕಾಳು ಉಳೀತಾವ. ಹತ್ತು ಮಂದಿ ಕುಂತ್ರೂ ತಲಿಗೆ ಎರಡೂವರಿ ಕಿಲೋ. ಒಂದ ರಾತ್ರ್ಯಾಗ ಹೊಟ್ಟಿ ಹಿಡಸ್ತದೇನು?’ ತುಂಬಿದ ಚೀಲ ಅಂತ ಹಿಡಿದರೆ ಹಿಡಿಸೋದಿಲ್ಲ. ಈ ತಕರಾರನ್ನು ನಾವು ತಳ್ಳಿಹಾಕೋದಿಲ್ಲ. ಆದರೆ ಕಥೆ ಮೂಟೆಯನ್ನು ತಕ್ಕಡಿಗೆ ಹಾಕುತ್ತಿಲ್ಲ. ಹಟ್ಟಿಯ ಕಟ್ಟೆಯ ಮೇಲೆ ಹೇಳುವ ಕಥೆಯಲ್ಲಿ ಉಣ್ಣೋದು ಯಾವಾಗಲೂ ಹೀಗೆ ದೊಡ್ಡದಾಗಿಯೇ ಬೆಳೆಯುತ್ತದೆ. ಮುಂದೆ ‘ಕುಸುಮಬಾಲೆ’ಯಲ್ಲಿ ಮಂಚಕ್ಕೇ ಮಾತು ಬರಿಸಿದ ಲೇಖಕ, ಆ ದಾರಿಯ ಮೊದಲ ಹೆಜ್ಜೆಯನ್ನು ಈ ಮೂಟೆಯ ಹತ್ತಿರ ಇಟ್ಟಂತೆ ನಮಗೆ ಕಾಣುತ್ತದೆ.

ನಮಗೆ ಹೆಚ್ಚು ಮುಖ್ಯವಾದದ್ದು ಕಥೆ ಹೇಳಿದ ಸರದಿ. ಲೆಕ್ಕ ತಪ್ಪಿದವರ ಕಥೆಗಳು ಸಾಮಾನ್ಯವಾಗಿ ತಪ್ಪನ್ನು ಕೊನೆವರೆಗೆ ಮುಚ್ಚಿಟ್ಟು ಓದುಗನನ್ನು ಬೆಚ್ಚಿಬೀಳಿಸುತ್ತವೆ. ಅಮೆರಿಕದ ಓ. ಹೆನ್ರಿ 1907ರಲ್ಲಿ ಬರೆದ ಕಥೆಯೊಂದರಲ್ಲಿ ಇಬ್ಬರು ಒಬ್ಬ ಹುಡುಗನನ್ನು ಅಪಹರಿಸಿ ಅಪ್ಪನಿಂದ ಹಣ ಕೇಳುತ್ತಾರೆ. ಅಪ್ಪ ಓಡಿಬರುತ್ತಾನೆ ಅನ್ನೋದು ಅವರ ನಂಬಿಕೆ. ಅವನು ಮಾತ್ರ, ನೀವೇ 250 ಡಾಲರ್ ಕೊಟ್ಟರೆ ಹುಡುಗನನ್ನು ಹಿಂದಕ್ಕೆ ತಗೊಳ್ತೀನಿ ಅನ್ನುತ್ತಾನೆ. ಅಲ್ಲಿ ಲೆಕ್ಕ ಹಾಕಿದವರ ಜೊತೆ ನಡೆದುಬಂದ ನಾವೂ ಅವರ ಜೊತೆಗೇ ಬೀಳುತ್ತೇವೆ.

ಮಹಾದೇವ ಹಾಗೆ ಮಾಡಲಿಲ್ಲ. ಮೊದಲು ನಮ್ಮನ್ನು ಬೆಂಕಿಯ ಸುತ್ತ ಕೂಡಿಸುತ್ತಾರೆ, ಆಮೇಲೆ ಪೊಲೀಸರನ್ನು ಕರೆಸುತ್ತಾರೆ. ಏನೂ ಸಿಗೋದಿಲ್ಲ ಅಂತ ನಮಗೆ ಮೊದಲೇ ಗೊತ್ತು. ಹೀಗಾಗಿ ಓದುಗ ಪತ್ತೇದಾರನಾಗಿ ಉಳಿಯೋದಿಲ್ಲ, ಮನೆಯವನಾಗುತ್ತಾನೆ. ಎದೆ ಹೊಡೆದುಕೊಳ್ಳುತ್ತ ಗೋಡೆಗೊರಗಿ ನಿಲ್ಲುತ್ತಾನೆ. ಸರದಿ ಉಲ್ಟಾ ಮಾಡಿದ್ದರೆ ಇದೊಂದು ಚತುರ ಕಳ್ಳತನದ ಕಥೆ ಆಗಿಹೋಗುತ್ತಿತ್ತು. ‘ಕಳ್ಳತನ ಕಲಿಸ್ತದ’ ಅಂತ ಮೂಗು ಮುರಿಯುವವರು ಕಥೆಯನ್ನು ಆ ಉಲ್ಟಾ ಸರದಿಯಲ್ಲೇ ಓದಿದ್ದಾರೆ.

ಪೊಲೀಸರು ಸೋತರು ಅಂತ ಚಪ್ಪಾಳೆ ಹೊಡೆಯುವ ಗೆಳೆಯರಿಗೂ ಒಂದು ಮಾತು. ಸಿಕ್ಕದ್ದು ಮುದ್ದೆಮಾಲು ಅಷ್ಟೆ. ಆ ಮನೆಯ ಬಾಗಿಲು ದೂಡಿ ಒಳನುಗ್ಗೋ ಅಧಿಕಾರ ಹಾಗೇ ಇದೆ, ಎತ್ತಪ್ಪನ ಉಳಿದ ಮೂಟೆಗಳೂ ಹಾಗೇ ಇವೆ. ಸಾಕವ್ವನ ಹುಂಜ ಹುಡುಕಿಕೊಡಲು ಯಾವ ಫೌಜದಾರನೂ ಬರಲಿಲ್ಲ.