ಬೆನ್ನು ಬಾಗಿಸುವ ಮೊದಲು ಕಲಿಯಬೇಕಾದ ನಾಲ್ಕು ಹೆಜ್ಜೆ

ಶಾಲಾ ಕ್ರೀಡಾಕೂಟ ಹತ್ತಿರ ಬಂತೆಂದರೆ ಸ್ಟೋರ್ ರೂಮಿನ ಮೂಲೆಯಲ್ಲಿದ್ದ ಹೈಜಂಪ್ ಕಂಬಗಳು ಹೊರಗೆ ಬರುತ್ತವೆ. ಮೊದಲ ದಿನವೇ ಬಾರ್ ಏರುತ್ತದೆ, ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಮೊಬೈಲಿನಲ್ಲಿ ಒಲಿಂಪಿಕ್ಸ್ ನೋಡಿದ ಹುಡುಗ ನೇರವಾಗಿ ಓಡಿಬಂದು, ಬಾರ್ ಎದುರು ಗಕ್ಕನೆ ತಿರುಗಿ, ಬೆನ್ನು ಮುಂದೆ ಮಾಡಿ ಎಗರುತ್ತಾನೆ. ಬಾರ್ ಬೀಳುತ್ತದೆ. ‘ಇನ್ನೂ ಬೆನ್ನು ಬಗ್ಗಿಸು’ ಎಂದು ಮೇಷ್ಟ್ರು ಕೂಗುತ್ತಾರೆ. ಮುಂದಿನ ಸಲ ಅವನು ಇನ್ನಷ್ಟು ಬಗ್ಗಿಸುತ್ತಾನೆ, ಬಾರ್ ಮತ್ತೆ ಬೀಳುತ್ತದೆ.

ಈ ಕಲಿಕೆಯ ಕ್ರಮವೇ ತಲೆಕೆಳಗು. ಕಣ್ಣಿಗೆ ಮೊದಲು ಬೀಳುವುದು ಗಾಳಿಯಲ್ಲಿ ಕಮಾನಿನಂತೆ ಬಾಗಿದ ಮೈ, ಹಾಗಾಗಿ ಕಲಿಸುವವರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಕಾಲು ನೆಲ ಬಿಟ್ಟ ಮೇಲೆ ಜಿಗಿತಗಾರನ ದೇಹದ ಗುರುತ್ವ ಕೇಂದ್ರ ಎಷ್ಟು ಎತ್ತರಕ್ಕೆ ಹೋಗಬೇಕು ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಗಾಳಿಯಲ್ಲಿ ಮಾಡುವ ಕಸರತ್ತಿನಿಂದ ಅದು ಒಂದು ಅಂಗುಲವೂ ಮೇಲೇರುವುದಿಲ್ಲ. ಸಿಕ್ಕ ಎತ್ತರದಲ್ಲಿ ತಲೆ, ಸೊಂಟ, ಕಾಲುಗಳನ್ನು ಒಂದೊಂದಾಗಿ ಬಾರ್ ದಾಟಿಸುವುದಷ್ಟೇ ಬೆನ್ನಿನ ಬಾಗಿನ ಕೆಲಸ. ಎತ್ತರ ಹುಟ್ಟುವುದು ನೆಲದ ಮೇಲಿನ ಕೊನೆಯ ನಾಲ್ಕು ಹೆಜ್ಜೆಗಳಲ್ಲಿ.

ಆ ಹೆಜ್ಜೆಗಳು ಬಾಗಿದ ದಾರಿಯಲ್ಲಿ ಏಕೆ ಇರಬೇಕು? ತಿರುವಿನಲ್ಲಿ ಸೈಕಲ್ ಒಳಕ್ಕೆ ವಾಲುವ ಹಾಗೆ, ಬಾಗುದಾರಿಯಲ್ಲಿ ಓಡುವ ಮೈಯೂ ತಾನಾಗಿ ಒಳಕ್ಕೆ, ಅಂದರೆ ಬಾರ್‌ನಿಂದ ದೂರಕ್ಕೆ ವಾಲುತ್ತದೆ. ವಾಲಿದ್ದರಿಂದ ಸೊಂಟ ತುಸು ಕೆಳಗಿಳಿಯುತ್ತದೆ, ಮೇಲಕ್ಕೆ ಒತ್ತಲು ಹೆಚ್ಚು ಅವಕಾಶ ಸಿಗುತ್ತದೆ. ಟೇಕಾಫ್ ಹೊತ್ತಿಗೆ ಮೈ ವಾಲಿದ ಸ್ಥಿತಿಯಿಂದ ನೆಟ್ಟಗಾಗುತ್ತದೆ. ಈ ನೆಟ್ಟಗಾಗುವ ಚಲನೆ ನೆಲ ಬಿಟ್ಟ ಮೇಲೂ ಮುಂದುವರಿದು ಮೈಯನ್ನು ಬಾರ್ ಮೇಲೆ ಉರುಳಿಸುತ್ತದೆ. ನೇರವಾಗಿ ಓಡಿಬಂದ ಮಗುವಿಗೆ ಈ ಉರುಳು ಪುಕ್ಕಟೆಯಾಗಿ ಸಿಗುವುದಿಲ್ಲ. ಅದು ಭುಜವನ್ನು ಬಾರ್ ಕಡೆಗೆ ತಾನೇ ಎಸೆಯಬೇಕು, ಎಸೆದಷ್ಟೂ ಎತ್ತರ ಕಡಿಮೆ.

ಇಷ್ಟನ್ನು ಒಪ್ಪಿದರೆ ಮೊದಲ ಪಾಠ ಫ್ಲಾಪ್ ಅಲ್ಲ, ಬಾಗುದಾರಿಯಿಂದ ಮಾಡುವ ಸಿಸರ್ಸ್. ಬಾರ್‌ಗೆ ಹತ್ತಿರದ ಕಾಲನ್ನು ಮೊದಲು ಎತ್ತಿ, ಆಮೇಲೆ ಇನ್ನೊಂದನ್ನು ಕತ್ತರಿಯಂತೆ ದಾಟಿಸಿ, ಕಾಲಿನ ಮೇಲೆಯೇ ಇಳಿಯುವ ಹಳೆಯ ಜಿಗಿತ ಇದು. ಇದನ್ನು ‘ಹಳ್ಳಿ ಶಾಲೆಯ ಸ್ಟೈಲ್’ ಎಂದು ಮೂಗು ಮುರಿಯುವವರಿದ್ದಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದ ಡಿಕ್ ಫಾಸ್ಬರಿ ತನ್ನ ಫ್ಲಾಪನ್ನು ಕಂಡುಕೊಂಡದ್ದು ಈ ಸಿಸರ್ಸ್‌ನಿಂದಲೇ ಎಂಬುದು ಅವರಿಗೆ ನೆನಪಿರುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಆಗ ಚಾಲ್ತಿಯಲ್ಲಿದ್ದ ಸ್ಟ್ರಾಡಲ್ ಶೈಲಿ ಕೈಹತ್ತದೆ ಆತ ಸಿಸರ್ಸ್‌ಗೆ ಮರಳಿದ. ಸೊಂಟ ಬಾರ್‌ಗೆ ತಗಲದಂತೆ ಮೇಲೆತ್ತಲು ಹೋಗಿ ಭುಜ ಹಿಂದಕ್ಕೆ ಜಾರಿತು, ಸ್ಪರ್ಧೆಯಿಂದ ಸ್ಪರ್ಧೆಗೆ ಅದು ಇನ್ನಷ್ಟು ಜಾರಿತು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್ ತಾಲೀಮಿನಲ್ಲಿ ಸಿಸರ್ಸ್‌ನಲ್ಲೇ 2 ಮೀಟರಿಗೂ ಹೆಚ್ಚು ಹಾರುತ್ತಿದ್ದರು. ಟೇಕಾಫ್ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಇಲ್ಲ. ಮೈ ನೆಟ್ಟಗೆ ಮೇಲೇರದಿದ್ದರೆ ಸಿಸರ್ಸ್‌ನಲ್ಲಿ ಕಾಲೂರಿ ಇಳಿಯಲು ಆಗುವುದೇ ಇಲ್ಲ.

ಈಗ ಮೈದಾನಕ್ಕೆ ಬರೋಣ. ಎಂಟನೇ ತರಗತಿಯ ಹುಡುಗಿಯೊಬ್ಬಳು ಎಡಗಾಲಿನಿಂದ ಟೇಕಾಫ್ ಮಾಡುತ್ತಾಳೆ, ಓಡುವಾಗ ಅವಳ ಹೆಜ್ಜೆ ಸುಮಾರು ಒಂದೂವರೆ ಮೀಟರ್ ಎಂದುಕೊಳ್ಳಿ. ಟೇಕಾಫ್ ಕಾಲು ಬಾರ್‌ನಿಂದ ದೂರದ ಕಾಲಾಗಿರಬೇಕು, ಆದ್ದರಿಂದ ಅವಳು ಬಲಬದಿಯಿಂದ ಓಡಿಬರಬೇಕು. ಬಾರ್ 4 ಮೀಟರ್ ಉದ್ದ. ಎಡಗಂಬದ ನೇರಕ್ಕೆ ಐದೂಮುಕ್ಕಾಲು ಮೀಟರ್ ಹಿಂದೆ ಒಂದು ಗೂಟ ಹೊಡೆದು, 6 ಮೀಟರ್ ಹಗ್ಗ ಕಟ್ಟಿ, ಬಾರ್ ಗೆರೆಗೆ ಸಮಾನಾಂತರವಾಗಿ ಬಲಕ್ಕೆ ಎಳೆದರೆ ಹಗ್ಗದ ತುದಿ ಬಲಗಂಬದಿಂದ 2 ಮೀಟರ್ ಆಚೆಗೆ ಬರುತ್ತದೆ. ಅದೇ ಬಾಗು ಶುರುವಾಗುವ ಗುರುತು. ಅಲ್ಲಿಂದ ಹಗ್ಗ ಬಿಗಿಹಿಡಿದು ಬಾರ್ ಕಡೆಗೆ ಸುಣ್ಣದ ಗೆರೆ ಎಳೆಯುತ್ತ ನಾಲ್ಕು ಹೆಜ್ಜೆಯಷ್ಟು, ಅಂದರೆ 6 ಮೀಟರ್ ಬಂದಾಗ, ಗೆರೆಯ ತುದಿ ಬಲಗಂಬದಿಂದ ಮುಕ್ಕಾಲು ಮೀಟರ್ ಒಳಗೆ, ಬಾರ್‌ನಿಂದ ಸುಮಾರು 70 ಸೆಂಟಿಮೀಟರ್ ಈಚೆಗೆ ನಿಲ್ಲುತ್ತದೆ. ಕೈ ಚಾಚಿದರೆ ಬಾರ್ ಸಿಗುವ ಈ ದೂರವೇ ಟೇಕಾಫ್ ಜಾಗ. ಬಾಗಿನ ಗುರುತಿನಿಂದ ನೇರ ಹಿಂದಕ್ಕೆ ಇನ್ನೂ 6 ಮೀಟರ್ ಅಳೆದರೆ ಓಟ ಶುರುಮಾಡುವ ಜಾಗ ಸಿಗುತ್ತದೆ. ಒಟ್ಟು ಎಂಟು ಹೆಜ್ಜೆ: ಎಡಗಾಲು ಮುಂದಿಟ್ಟು ನಿಂತು ಬಲಗಾಲಿನಿಂದ ಶುರುಮಾಡಿದರೆ ಎಂಟನೆಯದು ಎಡಗಾಲೇ ಬೀಳುತ್ತದೆ.

ಈ ಅಳತೆ ಎಲ್ಲರಿಗೂ ಒಂದೇ ಅಲ್ಲ. ಹೆಜ್ಜೆ ಉದ್ದವಾದರೆ, ಓಟ ಜೋರಾದರೆ ಹಗ್ಗವೂ ಉದ್ದವಾಗಬೇಕು, ಗುರುತುಗಳೂ ಸರಿಯಬೇಕು.

ಗೆರೆ ಎಳೆದ ಮೇಲೆ ಮೇಷ್ಟ್ರ ಕಣ್ಣು ಬಾರ್ ಮೇಲಲ್ಲ, ಮಣ್ಣಿನ ಮೇಲಿರಬೇಕು. ಸಿಂಥೆಟಿಕ್ ಟ್ರ್ಯಾಕ್ ಇಲ್ಲದ ಶಾಲೆಗೆ ಇರುವ ಒಂದು ಲಾಭ ಇದು: ಹೆಜ್ಜೆಗುರುತು ಅಚ್ಚೊತ್ತಿ ಉಳಿಯುತ್ತದೆ. ಕೊನೆಯ ಮೂರು ಗುರುತುಗಳನ್ನು ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಬಾರ್ ಹತ್ತಿರ ಬಂದಂತೆ ಗಾಬರಿಯಾಗಿ ಬಾಗನ್ನು ಬಿಟ್ಟು ನೇರ ಓಡುವುದು. ಆಗ ಕೊನೆಯ ಎರಡು ಗುರುತು ಸುಣ್ಣದ ಗೆರೆಯ ಹೊರಗೆ, ಬಾರ್ ಕಡೆಗೆ ಬಿದ್ದಿರುತ್ತವೆ. ಅಲ್ಲಿಯವರೆಗೆ ಗಳಿಸಿದ ವಾಲುವಿಕೆ ಅಷ್ಟೂ ಹಾಳು, ಏರುವಾಗಲೇ ಭುಜವೋ ಮಂಡಿಯೋ ಬಾರ್‌ಗೆ ಬಡಿಯುತ್ತದೆ. ಬದಲಿಗೆ ಇಳಿಯುವಾಗ ಬಾರ್ ಬಿದ್ದರೆ ಟೇಕಾಫ್ ದೂರದಲ್ಲಾಗಿದೆ, ಜಿಗಿತದ ತುದಿ ಬಾರ್‌ಗಿಂತ ಮುಂಚೆಯೇ ಮುಗಿದಿದೆ. ಎರಡೂ ಸಲ ಬಾರ್ ಬಿದ್ದಿದೆ, ಆದರೆ ಮದ್ದು ಬೇರೆಬೇರೆ. ‘ಬೆನ್ನು ಬಗ್ಗಿಸು’ ಎಂಬುದು ಎರಡಕ್ಕೂ ಮದ್ದಲ್ಲ.

ಕೊನೆಯ ಗುರುತಿನ ದಿಕ್ಕನ್ನಂತೂ ಬಗ್ಗಿ ನೋಡಬೇಕು. ಪಾದದ ತುದಿ ಮ್ಯಾಟಿನ ಆಚೆಯ ಮೂಲೆಯ ಕಡೆಗೆ ಇರಬೇಕು. ಬೇಗ ಬೆನ್ನು ತಿರುಗಿಸುವ ಆತುರದಲ್ಲಿ ಮಕ್ಕಳು ಪಾದವನ್ನು ಬಾರ್‌ಗೆ ಸಮಾನಾಂತರವಾಗಿ ಊರುತ್ತಾರೆ. ಮೈ ಒಂದು ಕಡೆ, ಪಾದ ಇನ್ನೊಂದು ಕಡೆ ಹೋಗಿ ಇಡೀ ಭಾರ ಕಣಕಾಲಿನ ಒಳಬದಿಗೆ ಬೀಳುತ್ತದೆ. ಮಣ್ಣಿನಲ್ಲಿ ಆ ಗುರುತು ಸ್ವಚ್ಛವಾಗಿ ಮೂಡದೆ ತಿರುಚಿ ಉಜ್ಜಿದಂತಿರುತ್ತದೆ. ಅಂಥ ಗುರುತು ಕಂಡ ದಿನ ಬಾರ್ ಏರಿಸಬಾರದು. ಬೆನ್ನು ತಿರುಗಬೇಕಾದ್ದು ನೆಲದಲ್ಲಲ್ಲ, ಮೇಲೇರುವಾಗ. ಬಾರ್ ಕಡೆಯ ಮಂಡಿಯನ್ನು ಎತ್ತಿ, ಬಾರ್‌ನಿಂದ ತುಸು ದೂರಕ್ಕೆ ತಂದರೆ ಅದೇ ಬೆನ್ನನ್ನು ತಿರುಗಿಸುತ್ತದೆ.

ಸಿಸರ್ಸ್ ಆದ ಮೇಲೆ ಹೆಚ್ಚಿನ ತರಬೇತಿ ಪಾಠಗಳಲ್ಲಿ ಬರುವುದು ನಿಂತಲ್ಲಿಂದ ಹಿಮ್ಮುಖವಾಗಿ, ಎರಡೂ ಕಾಲಿನಿಂದ ಮ್ಯಾಟಿಗೆ ಹಾರುವ ಅಭ್ಯಾಸ. ಮಕ್ಕಳಿಗೆ ಇದು ಇಷ್ಟ, ನೋಡಲೂ ಚೆಂದ, ಅದಕ್ಕೇ ವಾರಗಟ್ಟಲೆ ಇದೇ ನಡೆಯುತ್ತದೆ. ಇದಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚು ಬೆಲೆ ಸಿಕ್ಕಿದೆ. ಇದರಲ್ಲಿ ಓಟವಿಲ್ಲ, ವಾಲುವಿಕೆಯಿಲ್ಲ, ಒಂಟಿ ಕಾಲಿನ ಟೇಕಾಫ್ ಇಲ್ಲ. ಹೈಜಂಪ್‌ನ ನಿಯಮದ ಪ್ರಕಾರ ಎರಡು ಕಾಲಿನ ಟೇಕಾಫ್ ಸಲ್ಲುವುದೂ ಇಲ್ಲ. ಇದರ ಮೇಲೇ ಬೆಳೆದ ಮಗು ಓಡಿಬಂದಾಗಲೂ ಹಿಂದಕ್ಕೆ ಬೀಳುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಇದು ಕಲಿಸುವುದು ಒಂದನ್ನೇ, ಬೀಳುವುದನ್ನು. ಅಷ್ಟಕ್ಕೆ ಮಾತ್ರ ಬಳಸಿದರೆ ಒಳ್ಳೆಯ ಅಭ್ಯಾಸ: ಗದ್ದವನ್ನು ಎದೆಗೆ ಸೇರಿಸಿ, ಭುಜ ಮತ್ತು ಮೇಲ್ಬೆನ್ನಿನ ಮೇಲೆ ಬೀಳುವುದು, ಕೈಗಳನ್ನು ಬದಿಗೆ ಚಾಚುವುದು, ಮಂಡಿ ಮುಖಕ್ಕೆ ಬಡಿಯದಂತೆ ಕಾಲು ಅಗಲಿಸುವುದು. ಬೀಳುವಾಗ ಹಿಂದಕ್ಕೆ ಕೈಯೂರುವ ಮಗುವನ್ನು ಓಟಕ್ಕೆ ಬಿಡಲೇಬಾರದು, ಮಣಿಕಟ್ಟು ಮೊಣಕೈ ಮುರಿಯುವುದು ಹೀಗೆಯೇ.

ಬೀಳುವ ಜಾಗದ ಮಾತಿಗೆ ಬಂದರೆ ರಾಜಿಗೆ ಎಡೆಯಿಲ್ಲ. ಮರಳಿನ ಗುಂಡಿ ಎಷ್ಟೇ ಸಡಿಲವಾಗಿರಲಿ, ಅದು ಕಾಲಿನ ಮೇಲೆ ಇಳಿಯುವ ಜಾಗ, ಕುತ್ತಿಗೆಯ ಬಳಿ ಇಳಿಯುವ ಜಾಗವಲ್ಲ. ಮರಳಷ್ಟೇ ಇರುವ ಶಾಲೆ ಸಿಸರ್ಸ್‌ಗೇ ನಿಲ್ಲಬೇಕು. ಜಿಲ್ಲಾ ಮಟ್ಟದಲ್ಲಿ ಫ್ಲಾಪ್ ಬಲ್ಲವರ ಎದುರು ಆ ಮಕ್ಕಳು ಹಿಂದೆ ಬೀಳುತ್ತಾರೆ ನಿಜ, ಆದರೂ ಫ್ಲಾಪ್ ಬೇಡ. ಜಿಮ್ನಾಸ್ಟಿಕ್ಸ್‌ನ ತೆಳು ಮ್ಯಾಟುಗಳನ್ನು ಪಕ್ಕಪಕ್ಕ ಹಾಸಿ ಕೆಲಸ ಸಾಗಿಸುವುದು ಇನ್ನೂ ಮೋಸ. ಎರಡು ಮೂರು ಜಿಗಿತಕ್ಕೆ ಅವು ಸರಿದು ನಡುವೆ ಸಂದು ಬಿಡುತ್ತವೆ, ಆ ಸಂದಿಗೇ ಮೊಣಕೈ ಹೋಗುತ್ತದೆ.

ಹಣವಿಲ್ಲದೆಯೂ ದಾರಿ ಹುಡುಕಿದವರಿದ್ದಾರೆ. 2025ರ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದ ಹರಿಯಾಣದ ಪೂಜಾ ಸಿಂಗ್ ಹಳ್ಳಿಯಲ್ಲಿ ಕಲಿತದ್ದು ಬಿದಿರಿನ ಬಾರ್ ಮತ್ತು ಭತ್ತದ ಹೊಟ್ಟು ತುಂಬಿದ ಚೀಲಗಳ ಮೇಲೆ. ಇದನ್ನು ಸಾಹಸದ ಕತೆಯಾಗಿ ಹೇಳಿ ಮುಗಿಸುವುದು ಸುಲಭ. ಆದರೆ ಹೊಟ್ಟು ಒತ್ತಿಹೋಗಿ ಗಟ್ಟಿಯಾಗುತ್ತದೆ, ಮಳೆಗೆ ನೆನೆದರೆ ಕಲ್ಲಾಗುತ್ತದೆ. ಆ ದಾರಿ ಹಿಡಿಯುವವರು ಚೀಲಗಳನ್ನು ದಪ್ಪವಾಗಿ ಒಟ್ಟಿ, ಒಂದಕ್ಕೊಂದು ಕಟ್ಟಿ, ಮೇಲೊಂದು ಗಟ್ಟಿ ಹೊದಿಕೆ ಬಿಗಿದು, ದಿನವೂ ಕೊಡವಬೇಕು. ಅಷ್ಟು ಆಳು, ಅಷ್ಟು ನಿಗಾ ಇಲ್ಲದಿದ್ದರೆ ಮರಳು ಮತ್ತು ಸಿಸರ್ಸ್ ಸಾಕು.

ಬಾರ್ ವಿಷಯದಲ್ಲೂ ಒಂದು ಎಚ್ಚರ ಬೇಕು. ಹೆದರುವ ಮಕ್ಕಳಿಗೆ ಬಾರ್ ಬದಲು ಎಲಾಸ್ಟಿಕ್ ಕಟ್ಟುವುದು ಒಳ್ಳೆಯ ಉಪಾಯ, ಆದರೆ ಅದನ್ನು ಹಗುರ ಕಂಬಗಳಿಗೆ ಬಿಗಿದರೆ ಕಾಲು ಸಿಕ್ಕಾಗ ಕಂಬವೇ ಮಗುವಿನ ಮೇಲೆ ಬರುತ್ತದೆ. ಕಂಬದ ಬುಡಕ್ಕೆ ಭಾರ ಇಡಬೇಕು, ಇಲ್ಲವೇ ಎಲಾಸ್ಟಿಕ್ ಎಳೆದರೆ ಕಳಚಿಕೊಳ್ಳುವಂತಿರಬೇಕು. ಮೂಲೆಯಲ್ಲಿ ಬಿದ್ದಿರುವ ಹಳೆಯ ತ್ರಿಕೋನದ ಲೋಹದ ಬಾರ್ ಅಲ್ಲೇ ಇರಲಿ. ಅದರ ಅಂಚಿನ ಮೇಲೆ ಬೆನ್ನು ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ಯಾರೂ ದೂರು ಹೇಳದ ಒಂದು ಅನ್ಯಾಯ. ಎಷ್ಟೋ ಶಾಲೆಗಳಲ್ಲಿ ಗುಂಡಿಯ ಒಂದು ಬದಿಗೆ ಕಾಂಪೌಂಡ್ ಗೋಡೆ ಇರುತ್ತದೆ, ಓಡಿಬರಲು ಬಲಬದಿ ಮಾತ್ರ ತೆರೆದಿರುತ್ತದೆ. ಬಲಗಾಲಿನಿಂದ ಚೆನ್ನಾಗಿ ಎಗರುವ ಮಗುವೂ ಅಲ್ಲಿ ಎಡಗಾಲಿಗೆ ಒಗ್ಗಿಕೊಳ್ಳಬೇಕು, ಇಲ್ಲವೇ ‘ನಿನಗೆ ಹೈಜಂಪ್ ಬರಲ್ಲ’ ಎನ್ನಿಸಿಕೊಳ್ಳಬೇಕು. ಯಾವ ಕಾಲು ಯಾರದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ: ಎತ್ತರದಲ್ಲಿ ಒಂದು ಕೊಂಬೆ ತೋರಿಸಿ, ನಾಲ್ಕು ಹೆಜ್ಜೆ ಓಡಿಬಂದು ಒಂಟಿ ಕಾಲಿನಿಂದ ಎಗರಿ ಮುಟ್ಟು ಎಂದರೆ ಸಾಕು. ಒಂದೆರಡು ಸಲಕ್ಕೆ ಮಗು ತನ್ನ ಕಾಲನ್ನು ತಾನೇ ಆರಿಸಿಕೊಳ್ಳುತ್ತದೆ. ಗೋಡೆಯನ್ನು ಸರಿಸಲಾಗದು, ಆದರೆ ಸಿಸರ್ಸ್ ಅಭ್ಯಾಸಕ್ಕೆ ಕಂಬಗಳನ್ನು ಗುಂಡಿಯ ಆ ಬದಿಯಿಂದ ಈ ಬದಿಗೆ ತಿರುಗಿಸಿ ನಿಲ್ಲಿಸಿದರೆ, ಗೂಟವನ್ನು ಬಲಗಂಬದ ನೇರಕ್ಕೆ ಹೊಡೆದರೆ, ಅದೇ 6 ಮೀಟರ್ ಹಗ್ಗ ಅವರಿಗೂ ಸರಿಹೊಂದುತ್ತದೆ.